ಕತೆ ಒಬ್ಬರದ್ದು, ಪದ್ಯ ಇನ್ನೊಬ್ಬರದ್ದು

(ಪಡುಬಿದ್ರಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹ ರೂಪ)



ಕಚೇರಿಯಲ್ಲಿ ಒಂದೇ ಕೆಲಸವನ್ನು ಇಬ್ಬರು ಮಾಡಿ, ಕೊನೆಗೆ ಅದು ಯಾರದ್ದೆಂದು ಜಗಳ ಬಂದಾಗ ಮ್ಯಾನೇಜರ್ ಏನು ಮಾಡಬೇಕು ಎಂಬುದು ಇವತ್ತಿನ ವಿಷಯ. ಮ್ಯಾನೇಜರ್ ಎಂದ ಕೂಡಲೇ ಮಣಿಪಾಲದ ಗಾಜಿನ ಕಟ್ಟಡಗಳನ್ನು ನೆನೆಯಬೇಕಾಗಿಲ್ಲ. ನಮ್ಮ ಯಕ್ಷಗಾನ ಮೇಳಗಳಲ್ಲಿಯೂ ಮ್ಯಾನೇಜರ್ ಎಂಬವರು ಇದ್ದಾರೆ, ಅವರನ್ನು ಕರೆಯುವುದೂ ಅದೇ ಹೆಸರಿನಿಂದ. ಟೆಂಟಿನ ಆಟದ ಹ್ಯಾಂಡ್‌ಬಿಲ್ ನೋಡಿದವರಿಗೆ ಒಂದು ಸಂಗತಿ ಗೊತ್ತಿರುತ್ತದೆ. ಹೊಸ ಪ್ರಸಂಗವಾದರೆ ಕಥಾ ಸಂಯೋಜನೆ ಇಂಥವರದ್ದು, ಪದ್ಯ ರಚನೆ ಇಂಥವರದ್ದು ಎಂದು ಬೇರೆ ಬೇರೆ ಹೆಸರು ಹಾಕುವುದುಂಟು. ಕತೆ ಹೊಳೆದವನಿಗೆ ಛಂದಸ್ಸು ಕೈಹತ್ತದೆ ಇರಬಹುದು, ಪದ್ಯ ಕಟ್ಟುವವನಿಗೆ ಕತೆ ಹೊಳೆಯದೆ ಇರಬಹುದು. ಪ್ರಸಂಗ ಯಾರದ್ದು ಎಂದು ಒಟ್ಟಾರೆ ಕೇಳಿದರೆ ಇಬ್ಬರೂ ‘ನನ್ನದು’ ಎನ್ನುತ್ತಾರೆ, ಇಬ್ಬರ ಮಾತೂ ಸುಳ್ಳಲ್ಲ. ಹ್ಯಾಂಡ್‌ಬಿಲ್ ಆ ಪ್ರಶ್ನೆಯನ್ನೇ ಕೇಳುವುದಿಲ್ಲ. ಕೆಲಸವನ್ನು ಬಿಡಿಸಿ, ಒಂದೊಂದು ಭಾಗದ ಎದುರು ಒಂದೊಂದು ಹೆಸರು ಬರೆಯುತ್ತದೆ. ನಾನು ಇವತ್ತು ಹೇಳಬೇಕೆಂದಿರುವುದು ಹೆಚ್ಚುಕಡಿಮೆ ಇಷ್ಟೇ. ಆದರೆ ಬಿಡಿಸುವ ಕೆಲಸ ಹೊರಗಿನಿಂದ ಕಂಡಷ್ಟು ಸುಲಭವಲ್ಲ.

ಒಂದು ಉದಾಹರಣೆ ಕಟ್ಟಿಕೊಳ್ಳುತ್ತೇನೆ. ಇದು ಕಲ್ಪಿತ, ಅಂಕಿಗಳೂ ನಾನು ಹಾಕಿದವು. ಯಾವುದೋ ನಿರ್ದಿಷ್ಟ ಸಂಘವನ್ನು ಹುಡುಕಲು ಹೋಗಬೇಡಿ.

ಕರಾವಳಿಯ ಒಂದು ಸಹಕಾರಿ ಸಂಘ. ಅದು ಮೀನುಗಾರರಿಗೆ ದೋಣಿ, ಬಲೆ, ಎಂಜಿನ್ ಎಂದು ಸಾಲ ಕೊಟ್ಟಿದೆ. ಅಂಥ 60 ಸಾಲಗಳಲ್ಲಿ 22 ಪ್ರತಿ ವರ್ಷವೂ ಬಾಕಿ ಬೀಳುತ್ತವೆ. ವಸೂಲಿಗೆ ಹೋಗುವ ಒಬ್ಬ ಹಿರಿಯ ಅಧಿಕಾರಿ ಇದ್ದಾರೆ. ಹೆಜಮಾಡಿಯಿಂದ ಕಾಪುವಿನವರೆಗೆ ಅವರಿಗೆ ಗೊತ್ತಿಲ್ಲದ ಮನೆಯಿಲ್ಲ. ಕಂಪ್ಯೂಟರ್ ವಿಭಾಗದಲ್ಲಿ ಗುತ್ತಿಗೆಯ ಮೇಲೆ ಬಂದ ಒಬ್ಬ ಯುವತಿ ಇದ್ದಾಳೆ. ಅವಳು ಐದು ವರ್ಷದ ಖಾತೆಗಳನ್ನು ತಿಂಗಳುವಾರು ಜೋಡಿಸಿ ನೋಡಿದಾಗ, ಬಾಕಿ ಶುರುವಾಗುವುದು ಬಹುಪಾಲು ಜೂನ್ ಕಂತಿನಿಂದ ಎಂದು ಕಾಣುತ್ತದೆ. ಕಾರಣ ನಿಮಗೆ ಹೇಳಬೇಕಾಗಿಲ್ಲ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳಿಗೆ ನಿಷೇಧ. ಅವಳು ಮ್ಯಾನೇಜರ್‌ಗೆ ಹೇಳುತ್ತಾಳೆ, ಅವರು ‘ಒಂದು ಟಿಪ್ಪಣಿ ಬರೆದು ಕೊಡಿ’ ಎನ್ನುತ್ತಾರೆ. ತಿಂಗಳಿಗೆ 9,000 ರೂಪಾಯಿಯಂತೆ 12 ಕಂತು ಕಟ್ಟುವ ಬದಲು, ನಿಷೇಧದ ಎರಡು ತಿಂಗಳು ಬಿಟ್ಟು 10,800ರಂತೆ 10 ಕಂತು ಮಾಡಬಹುದು ಎಂದು ಅವಳು ಬರೆಯುತ್ತಾಳೆ. ಎರಡೂ ಲೆಕ್ಕದಲ್ಲಿ ವರ್ಷಕ್ಕೆ ಕೂಡುವುದು 1,08,000. ಬಡ್ಡಿಯಲ್ಲಿ ಆಗುವ ಸಣ್ಣ ವ್ಯತ್ಯಾಸ ಸದ್ಯಕ್ಕೆ ಬದಿಗಿರಲಿ.

ಟಿಪ್ಪಣಿ ಹಿರಿಯರ ಕೈಗೆ ಬರುತ್ತದೆ. ಅವರು ಓದಿ, ‘ಆಗಸ್ಟ್ ಕೂಡ ಬಿಡಬೇಕು, ದೋಣಿ ನೀರಿಗಿಳಿದ ಮೊದಲ ತಿಂಗಳ ದುಡ್ಡು ಡೀಸೆಲಿಗೂ ಐಸಿಗೂ ಬಲೆ ರಿಪೇರಿಗೂ ಹೋಗುತ್ತದೆ, ಸಂಘಕ್ಕೆ ಬರುವುದಿಲ್ಲ’ ಎನ್ನುತ್ತಾರೆ. ಹಾಗೆ 12,000ದಂತೆ 9 ಕಂತು ಎಂದಾಗುತ್ತದೆ. ಆಡಳಿತ ಮಂಡಳಿ ಒಪ್ಪುತ್ತದೆ. ಹಿರಿಯರು 22 ಮನೆಗಳಿಗೂ ಹೋಗಿ, ಕಂತು ದೊಡ್ಡದಾದದ್ದು ಯಾಕೆ ಎಂದು ಹೆಂಗಸರಿಗೂ ಅರ್ಥವಾಗುವ ಹಾಗೆ ಹೇಳಿ, ಕಾಗದಕ್ಕೆ ಸಹಿ ಹಾಕಿಸುತ್ತಾರೆ. ಮುಂದಿನ ವರ್ಷ ಬಾಕಿ ಬಿದ್ದವು ಆರೇ. ಸೆಪ್ಟೆಂಬರಿನ ಮಹಾಸಭೆಯಲ್ಲಿ ಅಧ್ಯಕ್ಷರು ಶಾಲು ಹೊದಿಸಿದ್ದು ಯುವತಿಗೆ. ವಾರ್ಷಿಕ ವರದಿಯಲ್ಲಿ ಅಚ್ಚಾದದ್ದೂ ಅವಳೊಬ್ಬಳ ಹೆಸರು. ಮಂಡಳಿಯ ಮುಂದೆ ಬಂದ ಟಿಪ್ಪಣಿಯ ಕೆಳಗೆ ಇದ್ದದ್ದು ಅವಳೊಬ್ಬಳ ಸಹಿಯಲ್ಲವೆ!

ಮಾರನೆಯ ದಿನದಿಂದ ಹಿರಿಯರು ವಸೂಲಿಗೆ ಹೋಗುವುದು ಕಡಿಮೆಯಾಗುತ್ತದೆ. ಚಾ ಅಂಗಡಿಯಲ್ಲಿ ಮಾತು ಹೊರಬೀಳುತ್ತದೆ: ‘ಬಿಸಿಲಿಗೆ ತಿರುಗಿದ್ದು ನಾನು, ಶಾಲು ಫ್ಯಾನಿನಡಿ ಕೂತವರಿಗೆ. ಮಳೆಗಾಲದಲ್ಲಿ ಕಂತು ಕೇಳಬೇಡಿ ಎಂದು ಎಷ್ಟು ವರ್ಷದಿಂದ ಹೇಳುತ್ತಿದ್ದೇನೆ ಮಾರಾಯ್ರೆ!’ ಅದು ಅವಳ ಕಿವಿಗೆ ಬೀಳುತ್ತದೆ. ಅವಳ ಉತ್ತರವೂ ಸಿದ್ಧ: ‘ಅಷ್ಟು ವರ್ಷದಿಂದ ಗೊತ್ತಿದ್ದರೆ ಯಾಕೆ ಮಾಡಿಸಲಿಲ್ಲ?’

ಇಲ್ಲಿ ನಮ್ಮ ಮ್ಯಾನೇಜರುಗಳು ಸಾಮಾನ್ಯವಾಗಿ ಎರಡರಲ್ಲೊಂದು ಮಾಡುತ್ತಾರೆ. ಇಬ್ಬರನ್ನೂ ಒಟ್ಟಿಗೆ ಕೂರಿಸಿ ‘ಇದು ತಂಡದ ಕೆಲಸ, ಎಲ್ಲರದ್ದೂ’ ಎನ್ನುತ್ತಾರೆ. ಅಥವಾ ಹಿರಿಯರಿಗೂ ಒಂದು ಶಾಲು ತರಿಸುತ್ತಾರೆ. ಮೊದಲನೆಯದರಿಂದ ಇಬ್ಬರ ಹೆಸರೂ ಅಳಿಸಿಹೋಗುತ್ತದೆ. ಎರಡನೆಯದು ಸಮಪಾಲಿನ ಹಾಗೆ ಕಾಣುತ್ತದೆ, ಆದರೆ ಯಾವ ಕೆಲಸಕ್ಕೆ ಶಾಲು ಎಂದು ಹೇಳುವುದಿಲ್ಲ. ಜಗಳಕ್ಕೆ ಹೆದರಿ ಕೊಟ್ಟದ್ದೆಂದು ಇಬ್ಬರಿಗೂ ಗೊತ್ತಾಗುತ್ತದೆ. ಮುಂದಿನ ಸಲ ಹೆಚ್ಚು ಗಲಾಟೆ ಮಾಡಿದವರಿಗೆ ಹೆಚ್ಚು ಸಿಗುತ್ತದೆ ಎಂಬ ಪಾಠವನ್ನು ಉಳಿದವರೂ ಕಲಿಯುತ್ತಾರೆ.

ನನ್ನ ಪ್ರಕಾರ ಮೊದಲು ಇಬ್ಬರನ್ನೂ ಬೇರೆ ಬೇರೆಯಾಗಿ ಕರೆದು, ಇಬ್ಬರಿಗೂ ಅವೇ ಮೂರು ಪ್ರಶ್ನೆ ಹಾಕಬೇಕು. ನೀವು ಯಾವಾಗ ಏನು ಮಾಡಿದಿರಿ? ನೀವು ಮಾಡದೆ ಇದ್ದಿದ್ದರೆ ಈ ಕೆಲಸದಲ್ಲಿ ಏನು ಇರುತ್ತಿರಲಿಲ್ಲ? ಇನ್ನೊಬ್ಬರು ಏನು ಮಾಡಿದರು? ಮೂರನೆಯದನ್ನು ಬಾಯಲ್ಲಿ ಹೇಳಿದರೆ ಸಾಲದು, ಬರೆದು ಕೊಡಲು ಹೇಳಬೇಕು. ಬಾಯಲ್ಲಾದರೆ ‘ಅವರೂ ಸಹಾಯ ಮಾಡಿದ್ದಾರೆ’ ಎಂಬಲ್ಲಿಗೆ ನಿಲ್ಲುತ್ತದೆ. ಪೆನ್ನು ಹಿಡಿದಾಗ ಆಗಸ್ಟಿನ ವಿಷಯ ಅವಳಿಗೆ ನೆನಪಾಗುತ್ತದೆ, ಐದು ವರ್ಷದ ಖಾತೆಗಳನ್ನು ಯಾರು ಕೂತು ಜೋಡಿಸಿದರು ಎಂಬುದು ಅವರಿಗೆ ನೆನಪಾಗುತ್ತದೆ.

ಹೀಗೆ ಕೇಳುವುದಕ್ಕೆ ಹಿನ್ನೆಲೆಯಾಗಿ ಒಂದು ಸಂಶೋಧನೆ ಇದೆ. ಮೈಕೆಲ್ ರಾಸ್ ಮತ್ತು ಫಿಯೋರೆ ಸಿಕೋಲಿ ಎಂಬ ಮನಶ್ಶಾಸ್ತ್ರಜ್ಞರು 1979ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗಂಡ ಹೆಂಡತಿಯರನ್ನು ಬೇರೆ ಬೇರೆಯಾಗಿ ಕೇಳಿದರು: ಮನೆಯ ಇಂತಿಂಥ ಕೆಲಸದಲ್ಲಿ ನಿಮ್ಮ ಪಾಲು ಎಷ್ಟು? ಇಬ್ಬರ ಉತ್ತರ ಕೂಡಿಸಿದರೆ ಹೆಚ್ಚಿನ ಜೋಡಿಗಳಲ್ಲಿ ಮೊತ್ತ ನೂರಕ್ಕೆ ನೂರನ್ನು ದಾಟಿತು. ಇದರಲ್ಲೇನು, ನಮಗೂ ಗೊತ್ತಿದ್ದದ್ದೇ ಎನ್ನುತ್ತೀರಿ. ನಿಜವಾಗಿ ಗಮನಿಸಬೇಕಾದದ್ದು ಬೇರೆ. ಜಗಳ ತೆಗೆಯುವಂಥ ಕೆಟ್ಟ ಕೆಲಸದಲ್ಲಿಯೂ ಜನ ತಮ್ಮ ಪಾಲನ್ನು ಹೆಚ್ಚೇ ಹೇಳಿಕೊಂಡರು. ಬರೀ ಹೊಗಳಿಕೆಯ ಆಸೆಯಾಗಿದ್ದರೆ ಹಾಗೆ ಆಗಬಾರದಿತ್ತು. ನಾವು ಮಾಡಿದ್ದು ನಮಗೆ ಬೇಗ ನೆನಪಾಗುತ್ತದೆ, ಇನ್ನೊಬ್ಬರು ಮಾಡಿದ್ದನ್ನು ನಾವು ಅರ್ಧ ನೋಡಿರುತ್ತೇವೆ. ದೋಣಿಯವರ ಮನೆಯಂಗಳದಲ್ಲಿ ಒಂದು ಸಹಿಗೆ ಎರಡು ಗಂಟೆ ಕಾದದ್ದು ಯುವತಿಗೆ ಕಂಡಿಲ್ಲ. ಹಳೆಯ ಖಾತೆಯಲ್ಲಿ ತಪ್ಪು ನಮೂದಾದ ದಿನಾಂಕಗಳನ್ನು ಅವಳು ಒಂದೊಂದಾಗಿ ತಿದ್ದಿದ್ದು ಹಿರಿಯರಿಗೆ ಕಂಡಿಲ್ಲ. ಆದ್ದರಿಂದ ಇಬ್ಬರೂ ಹೆಚ್ಚು ಹೇಳಿದರೆ ಅವರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಎಂದು ಮ್ಯಾನೇಜರ್ ಹೊರಡಬಾರದು.

ಮೋಸ ಇರುವುದೇ ಇಲ್ಲ ಎಂದಲ್ಲ. ಅದರ ಗುರುತು ಬೇರೆ. ಹಿಂದಿನ ಕರಡಿನಲ್ಲಿದ್ದ ಹೆಸರು ಮುಂದಿನ ಕರಡಿನಲ್ಲಿ ಮಾಯವಾಗಿದ್ದರೆ, ಯಾವಾಗಲೂ ಇಬ್ಬರಿಗೂ ಹೋಗುತ್ತಿದ್ದ ಮೇಲ್ ಅದೊಂದು ದಿನ ಒಬ್ಬರನ್ನು ಬಿಟ್ಟು ಮೇಲಿನವರಿಗೆ ಹೋಗಿದ್ದರೆ, ಇನ್ನೊಬ್ಬರು ರಜೆಯಲ್ಲಿದ್ದ ದಿನವನ್ನೇ ನೋಡಿ ವರದಿ ಒಪ್ಪಿಸಿದ್ದರೆ, ಅದು ಪಾಲು ಹಂಚುವ ಪ್ರಶ್ನೆಯಲ್ಲ, ಶಿಸ್ತಿನ ಪ್ರಶ್ನೆ. ಅದಕ್ಕೆ ಬೇರೆ ದಾರಿಯಿದೆ. ಎರಡನ್ನೂ ಒಂದೇ ಕೋಣೆಯಲ್ಲಿ ಬಗೆಹರಿಸಲು ಹೋದರೆ, ಕದ್ದವನಿಗೆ ಕದ್ದದ್ದರಲ್ಲಿ ಅರ್ಧ ಕೊಟ್ಟ ಹಾಗಾಗುತ್ತದೆ.

ಇನ್ನು ಸಾಕ್ಷ್ಯ. ಸಂಘದ ಚಲನವಲನ ವಹಿ, ಕಂಪ್ಯೂಟರಿನಲ್ಲಿ ಕಡತ ಹುಟ್ಟಿದ ದಿನಾಂಕ, ಮಂಡಳಿಯ ನಡಾವಳಿ, ಸಹಿ ಹಾಕಿಸಿದ ಕಾಗದ ಎಲ್ಲವನ್ನೂ ದಿನಾಂಕದ ಕ್ರಮದಲ್ಲಿ ಒಂದು ಹಾಳೆಗೆ ಇಳಿಸಬೇಕು. ಮ್ಯಾನೇಜರ್ ಇಲ್ಲಿ ಒಂದು ಎಚ್ಚರ ಇಟ್ಟುಕೊಳ್ಳಬೇಕು. ಕಾಗದ ಯಾವಾಗಲೂ ಬರೆಯುವವರ ಪರವಾಗಿರುತ್ತದೆ. ಬಾಯಲ್ಲಿ ಹೇಳಿದ, ಕಾಲಲ್ಲಿ ತಿರುಗಿದ ಕೆಲಸಕ್ಕೆ ಕಡತ ಇರುವುದಿಲ್ಲ. ‘ದಾಖಲೆ ಇದ್ದರೆ ತನ್ನಿ’ ಎಂದರೆ ಹಿರಿಯರು ಸೋತಂತೆಯೇ. ಅವರ ಮಟ್ಟಿಗೆ ಬೇರೆಯವರನ್ನು ಕೇಳಬೇಕಾಗುತ್ತದೆ. ಹಳೆಯ ಮ್ಯಾನೇಜರರಿಗೆ ಅವರು ಏನು ಹೇಳಿದ್ದರು? ‘ಮಳೆಗಾಲ ಕಷ್ಟ’ ಎಂದಿದ್ದರೋ ಅಥವಾ ‘ಕಂತಿನ ತಿಂಗಳು ಬದಲಿಸಿ’ ಎಂದಿದ್ದರೋ? ಎರಡಕ್ಕೂ ದೊಡ್ಡ ವ್ಯತ್ಯಾಸ ಉಂಟು. ಮೊದಲನೆಯದು ಈ ಕರಾವಳಿಯಲ್ಲಿ ಯಾರು ಬೇಕಾದರೂ ಹೇಳುವ ಮಾತು, ಎರಡನೆಯದು ಉಪಾಯ. ನಮ್ಮ ಉದಾಹರಣೆಯಲ್ಲಿ ಹಳೆಯ ಮ್ಯಾನೇಜರ್ ನೆನಪಿಸಿಕೊಂಡು, ‘ಮಳೆಗಾಲದಲ್ಲಿ ನನ್ನನ್ನು ವಸೂಲಿಗೆ ಕಳಿಸಬೇಡಿ ಎನ್ನುತ್ತಿದ್ದರು, ಕಂತು ಬದಲಿಸುವ ಮಾತು ಬಂದದ್ದು ನೆನಪಿಲ್ಲ’ ಎಂದರು ಎಂದಿಟ್ಟುಕೊಳ್ಳಿ. ಹಾಗಾದರೆ ಕಾರಣ ಗೊತ್ತಿದ್ದದ್ದು ಹಿರಿಯರಿಗೆ, ಉಪಾಯ ಹೊಳೆದದ್ದು ಯುವತಿಗೆ, ಆ ಉಪಾಯ ನಿಜವಾಗಿ ಕೆಲಸ ಮಾಡುವಂತೆ ತಿದ್ದಿದ್ದು ಮತ್ತೆ ಹಿರಿಯರು.

ಒಬ್ಬರಿಗೆ ತಿಳಿವಳಿಕೆ ಇದ್ದು, ಇನ್ನೊಬ್ಬರು ಬರವಣಿಗೆಗೆ ಇಳಿಸಿದಾಗ ಕೆಲಸ ಯಾರದ್ದು ಎಂಬ ಈ ಪ್ರಶ್ನೆ ನಮ್ಮ ನ್ಯಾಯಾಲಯಕ್ಕೂ ಬಂದದ್ದಿದೆ. ಮೌಲಾನಾ ಆಜಾದರ ‘ಇಂಡಿಯಾ ವಿನ್ಸ್ ಫ್ರೀಡಂ’ ಆಜಾದರು ತೀರಿಕೊಂಡ ಮೇಲೆ, 1959ರಲ್ಲಿ ಪ್ರಕಟವಾಯಿತು. ಆಜಾದರು ಉರ್ದುವಿನಲ್ಲಿ ಹೇಳುತ್ತಿದ್ದರು, ಹುಮಾಯೂನ್ ಕಬೀರರು ಟಿಪ್ಪಣಿ ಮಾಡಿಕೊಂಡು ಇಂಗ್ಲಿಷಿನಲ್ಲಿ ಬರೆಯುತ್ತಿದ್ದರು, ಅದನ್ನು ಆಜಾದರು ನೋಡಿ ತಿದ್ದುತ್ತಿದ್ದರು. ಆ ಪುಸ್ತಕದಿಂದ ಹೊರಗಿಟ್ಟು ಮೂವತ್ತು ವರ್ಷ ಮುಚ್ಚಿಟ್ಟಿದ್ದ ಪುಟಗಳನ್ನು ತೆರೆಯುವ ಹೊತ್ತಿಗೆ ತಕರಾರು ದೆಹಲಿ ಹೈಕೋರ್ಟಿಗೆ ಹೋಯಿತು. ಆಜಾದರ ವಾರಸುದಾರರ ಕಡೆಯಿಂದ ಬಂದ ವಾದದಂತೆ ಲೇಖಕರು ಆಜಾದರೊಬ್ಬರೇ. ನ್ಯಾಯಾಲಯ ಒಪ್ಪಲಿಲ್ಲ. ಇಬ್ಬರೂ ಬುದ್ಧಿ ಸೇರಿಸಿ ನಿಕಟವಾಗಿ ದುಡಿದದ್ದರಿಂದ ಮೇಲುನೋಟಕ್ಕೆ ಇಬ್ಬರೂ ಜಂಟಿ ಲೇಖಕರು ಎಂದಿತು. ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಒಬ್ಬರ ಭಾಗವನ್ನು ಇನ್ನೊಬ್ಬರ ಭಾಗದಿಂದ ಬೇರ್ಪಡಿಸಲು ಬರದಂತೆ ಸೇರಿಕೊಂಡಿದ್ದರೆ ಅದು ಜಂಟಿ ಕೃತಿ. ಕಚೇರಿಗೆ ಆ ಕಾಯ್ದೆ ನೇರವಾಗಿ ಅನ್ವಯಿಸದಿದ್ದರೂ ಅದರ ಅಳತೆಗೋಲು ಉಪಯೋಗಕ್ಕೆ ಬರುತ್ತದೆ. ಬಿಡಿಸಲು ಬರುವಷ್ಟನ್ನು ಬಿಡಿಸಿ ಹೆಸರು ಹಾಕಿ, ಬಿಡಿಸಲು ಬಾರದ್ದಕ್ಕೆ ಇಬ್ಬರ ಹೆಸರನ್ನೂ ಒಟ್ಟಿಗೆ ಹಾಕಿ.

ಹಾಗೆ ಮಾಡಿದರೆ ನಮ್ಮ ಸಂಘದ ವರದಿಯಲ್ಲಿ ಬರಬೇಕಾದ ವಾಕ್ಯಗಳು ಹೀಗಿರುತ್ತವೆ: ಐದು ವರ್ಷದ ಖಾತೆಗಳ ವಿಶ್ಲೇಷಣೆ ಮತ್ತು ಕಂತು ಬದಲಾವಣೆಯ ಮೊದಲ ಪ್ರಸ್ತಾವ ಕಂಪ್ಯೂಟರ್ ವಿಭಾಗದ ಯುವತಿಯದ್ದು. ಬಿಡುವ ತಿಂಗಳುಗಳಿಗೆ ಆಗಸ್ಟನ್ನು ಸೇರಿಸಿದ್ದು ಮತ್ತು 22 ಸದಸ್ಯರ ಒಪ್ಪಿಗೆ ಪಡೆದದ್ದು ವಸೂಲಿ ಅಧಿಕಾರಿಯವರು. ಒಂಬತ್ತು ಕಂತಿನ ಅಂತಿಮ ಯೋಜನೆ ಇಬ್ಬರದ್ದೂ. ಇದರಲ್ಲಿ ಶೇಕಡಾ ಲೆಕ್ಕ ಇಲ್ಲ, ನೋಡಿ. ನಲವತ್ತೋ ಅರವತ್ತೋ ಎಂದು ಹೊರಟರೆ ಹೊಸ ಜಗಳಕ್ಕೆ ಅಂಕಿ ಒದಗಿಸಿದ ಹಾಗೆ. ಹಿರಿಯರ ಹೆಸರು ಮೇಲೆ ಬರಬೇಕೆ, ಅವಳದ್ದೇ ಎಂದು ಕೇಳಿದರೆ, ಕೆಲಸ ನಡೆದ ಕ್ರಮದಲ್ಲಿ ಬರೆಯಬೇಕು. ವಯಸ್ಸಿನ ಕ್ರಮ ಮದುವೆಯ ಆಮಂತ್ರಣ ಪತ್ರಿಕೆಗಿರಲಿ.

ತೀರ್ಮಾನ ಮಾಡಿದ್ದನ್ನು ಹೇಳುವ ಜಾಗವೂ ಮುಖ್ಯ. ತಪ್ಪು ಆದದ್ದು ಮಹಾಸಭೆಯಲ್ಲಿ ಮತ್ತು ಅಚ್ಚಿನಲ್ಲಿ. ಮ್ಯಾನೇಜರ್ ತಮ್ಮ ಕೋಣೆಗೆ ಹಿರಿಯರನ್ನು ಕರೆದು ‘ನಿಮ್ಮ ಶ್ರಮ ನನಗೆ ಗೊತ್ತುಂಟು’ ಎಂದರೆ ಅದು ಸಾಂತ್ವನವಾಯಿತೇ ಹೊರತು ತಿದ್ದುಪಡಿಯಾಗಲಿಲ್ಲ. ಮಂಡಳಿಯ ಮುಂದಿನ ಸಭೆಯ ನಡಾವಳಿಯಲ್ಲಿ ಆ ಮೂರು ವಾಕ್ಯ ದಾಖಲಾಗಬೇಕು, ಸದಸ್ಯರಿಗೆ ಹೋಗುವ ಪತ್ರದಲ್ಲಿ ಬರಬೇಕು. ಅದರ ಜೊತೆಗೆ, ಟಿಪ್ಪಣಿಯನ್ನು ಒಬ್ಬರ ಸಹಿಯಲ್ಲಿ ಮಂಡಳಿಗೆ ಒಯ್ದದ್ದು ತಾನು ಎಂದು ಮ್ಯಾನೇಜರ್ ಬರೆಯಬೇಕು. ಇಂಥ ಜಗಳಗಳಲ್ಲಿ ಹೆಚ್ಚಿನವು ಹುಟ್ಟುವುದು ಮ್ಯಾನೇಜರರ ಮೇಜಿನ ಮೇಲೆಯೇ. ಯುವತಿ ಯಾರ ಹೆಸರನ್ನೂ ಅಳಿಸಿರಲಿಲ್ಲ, ಹೇಳಿದ ಕೆಲಸ ಮಾಡಿದ್ದಳು. ಅವಳ ಶಾಲು ಅವಳಿಗೆ ಸಲ್ಲಬೇಕಾದದ್ದೇ, ಅದನ್ನು ಹಿಂದೆ ಕೇಳುವಂಥ ಮಾತೂ ಬರಬಾರದು.

ಹೆಸರು, ಹಣ, ಬಡ್ತಿ, ಹಕ್ಕು ನಾಲ್ಕನ್ನೂ ಒಂದೇ ಗಂಟಿನಲ್ಲಿ ಕಟ್ಟಿಬಿಡುವುದು ಇನ್ನೊಂದು ಎಡವಟ್ಟು. ಅವಳು ಗುತ್ತಿಗೆಯವಳು. ಅವಳಿಗೆ ಬೇಕಾದದ್ದು ಸೇವಾ ಕಡತದಲ್ಲಿ ಒಂದು ಬರಹ, ಕಾಯಂ ಆಗುವಾಗ ತೋರಿಸಲಿಕ್ಕೆ. ಹಿರಿಯರಿಗೆ ನಿವೃತ್ತಿ ಹತ್ತಿರ. ಅವರಿಗೆ ಕಡತಕ್ಕಿಂತ ಆ 22 ಮನೆಯವರ ಎದುರು ಹೆಸರು ಬೇಕು. ಹೀಗೆ ಬೇರೆ ಬೇರೆ ಎಂದು ಗೊತ್ತಾದರೆ ಇಬ್ಬರಿಗೂ ಬೇಕಾದ್ದನ್ನು ಕೊಡಲು ಎಷ್ಟೋ ಸಲ ದಾರಿ ಕಾಣುತ್ತದೆ. ಆದರೆ ಯಾರಿಗೆ ಹೆಚ್ಚು ಅಗತ್ಯವಿದೆ ಎಂಬುದನ್ನು ನೋಡಿ ಯಾರು ಮಾಡಿದರು ಎಂಬುದನ್ನು ತೀರ್ಮಾನಿಸಬಾರದು. ‘ಪಾಪ, ಅವಳಿಗೆ ಕೆಲಸ ಕಾಯಂ ಆಗಲಿ’ ಎಂದು ಹಿರಿಯರ ಆಗಸ್ಟನ್ನು ಅವಳ ಲೆಕ್ಕಕ್ಕೆ ಬರೆಯುವುದು ದಯೆಯ ವೇಷ ಹಾಕಿದ ಅನ್ಯಾಯ.

ಹಕ್ಕಿನ ಮಾತು ಬಂದಾಗ ನಮ್ಮ ಜಿಲ್ಲೆಯದೇ ಒಂದು ಮೊಕದ್ದಮೆ ನೆನಪಿಗೆ ಬರುತ್ತದೆ. ಇಬ್ಬರು ಸಹೋದ್ಯೋಗಿಗಳ ಜಗಳವಲ್ಲ ಅದು. ಸಂಸ್ಥೆಗೂ ಒಬ್ಬ ಕಲಾವಿದರ ಕೆಲಸಕ್ಕೂ ನಡುವಿನದು. ಶಿವರಾಮ ಕಾರಂತರು ಯಕ್ಷಗಾನವನ್ನು ಬ್ಯಾಲೆಯಾಗಿ ರೂಪಿಸಿದ ‘ಯಕ್ಷರಂಗ’ ನಿಮ್ಮಲ್ಲಿ ಕೆಲವರು ನೋಡಿದ್ದೀರಿ. ರಾಗ, ತಾಳ, ವೇಷಭೂಷಣ, ರಂಗಸಜ್ಜು ಎಲ್ಲದರಲ್ಲಿಯೂ ಅವರದ್ದೇ ಬದಲಾವಣೆಗಳು. ಅವರಿಗೆ ನೆಲೆ ಒದಗಿಸಿದ್ದು ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್. ಅದರ ಕೇಂದ್ರಕ್ಕೆ ಕಾರಂತರು ನಿರ್ದೇಶಕರಾಗಿದ್ದರು. ಅವರು 1994ರಲ್ಲಿ ಬರೆದ ಉಯಿಲಿನ ಮೂಲಕ ಹಕ್ಕುಗಳು ಬಿ. ಮಾಲಿನಿ ಮಲ್ಯರಿಗೆ ಬಂದವು. ಕಾರಂತರು ತೀರಿಕೊಂಡ ನಾಲ್ಕು ವರ್ಷಕ್ಕೆ, 2001ರಲ್ಲಿ, ದೆಹಲಿಯಲ್ಲಿ ‘ಅಭಿಮನ್ಯು ವಧೆ’ಯ ಪ್ರದರ್ಶನವನ್ನು ಸಂಸ್ಥೆ ಅನುಮತಿಯಿಲ್ಲದೆ ಮಾಡಿತೆಂದು ಮಲ್ಯರು ಉಡುಪಿಯ ಜಿಲ್ಲಾ ನ್ಯಾಯಾಲಯಕ್ಕೆ ಹೋದರು. ಕೇಂದ್ರ ನಮ್ಮದು, ಹಣ ನಮ್ಮದು, ನಿರ್ದೇಶಕರನ್ನು ನೇಮಿಸಿದ್ದು ನಾವು ಎಂಬ ಧಾಟಿಯ ವಾದ ಸಂಸ್ಥೆಯದ್ದು. ಉಡುಪಿಯಲ್ಲಿಯೂ ಹೈಕೋರ್ಟಿನಲ್ಲಿಯೂ ಅದು ನಿಲ್ಲಲಿಲ್ಲ. 2009ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಮಲ್ಯರ ಹಕ್ಕನ್ನು ಎತ್ತಿಹಿಡಿಯಿತು. ಆದರೆ ಶಿಕ್ಷಣ ಸಂಸ್ಥೆಯೊಳಗಿನ ಪ್ರದರ್ಶನದಂಥ, ಕಾಯ್ದೆಯೇ ವಿನಾಯಿತಿ ಕೊಟ್ಟ ಸಂದರ್ಭಗಳಿಗೆ ತಡೆಯಾಜ್ಞೆ ಅನ್ವಯಿಸದು ಎಂದೂ ಸ್ಪಷ್ಟಪಡಿಸಿತು.

ಆ ಕೊನೆಯ ಮಾತು ನನಗೆ ಮುಖ್ಯವಾಗಿ ಕಾಣುತ್ತದೆ. ಎಲ್ಲವೂ ಇವರದ್ದು ಅಥವಾ ಎಲ್ಲವೂ ಅವರದ್ದು ಎಂದು ನ್ಯಾಯಾಲಯ ಹೇಳಲಿಲ್ಲ. ಹಕ್ಕು ಯಾರದ್ದು ಎಂಬುದನ್ನು ಒಂದು ಕಡೆ ಇಟ್ಟು, ಯಾರು ಎಲ್ಲಿ ಉಪಯೋಗಿಸಬಹುದು ಎಂಬುದನ್ನು ಬೇರೆಯಾಗಿ ನೋಡಿತು. ಇದರ ಜೊತೆಗೆ ಕೃತಿಸ್ವಾಮ್ಯ ಕಾಯ್ದೆಯ 57ನೆಯ ಕಲಮೂ ಇದೆ. ಲೇಖಕ ತನ್ನ ಹಕ್ಕನ್ನು ಪೂರ್ತಿ ಮಾರಿದ ಮೇಲೂ, ಇದು ತನ್ನ ಕೃತಿ ಎಂದು ಹೇಳಿಕೊಳ್ಳುವ ಅಧಿಕಾರವನ್ನು ಅದು ಅವನಲ್ಲೇ ಉಳಿಸುತ್ತದೆ. ನೌಕರ ಮಾಡಿದ ಕೆಲಸದ ಒಡೆತನ ಸಂಸ್ಥೆಗೆ ಹೋಗಬಹುದು, ಸಂಬಳ ಕೊಡುತ್ತಾರಲ್ಲ. ಆದರೆ ಸಂಬಳ ಕೊಟ್ಟದ್ದು ಹೆಸರು ತೆಗೆಯುವುದಕ್ಕೆ ರಸೀದಿಯಲ್ಲ.

ಮೇಲಿನವರ ಹೆಸರಿನ ಕತೆಯೂ ಒಂದುಂಟು. ಮಣಿಪಾಲದ ಸಂಶೋಧಕರು ಇಲ್ಲಿದ್ದರೆ ಅವರಿಗೆ ಇದು ಗೊತ್ತಿರುತ್ತದೆ. ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯ ನಿಯಮದಲ್ಲಿ, ಹಣ ತಂದುಕೊಟ್ಟದ್ದು ಅಥವಾ ವಿಭಾಗದ ಮೇಲ್ವಿಚಾರಣೆ ನೋಡಿದ್ದು ಮಾತ್ರಕ್ಕೆ ಯಾರೂ ಲೇಖಕರಾಗುವುದಿಲ್ಲ. ಕೆಲಸದಲ್ಲಿ ಗಣನೀಯ ಪಾಲು ಇರಬೇಕು, ಬರೆಯುವುದರಲ್ಲಿ ಅಥವಾ ತಿದ್ದುವುದರಲ್ಲಿ ಕೈ ಇರಬೇಕು, ಅಂತಿಮ ಪ್ರತಿಗೆ ಒಪ್ಪಿಗೆ ಕೊಟ್ಟಿರಬೇಕು, ತಪ್ಪಾದರೆ ಉತ್ತರ ಕೊಡಲೂ ತಯಾರಿರಬೇಕು. ಕೊನೆಯದನ್ನು ನಮ್ಮ ಅಧ್ಯಕ್ಷರುಗಳಿಗೂ ಕೇಳಿ ನೋಡಬಹುದು. ಒಂಬತ್ತು ಕಂತಿನ ಯೋಜನೆ ಕೆಟ್ಟು 22ರ ಜಾಗದಲ್ಲಿ 40 ಸಾಲ ಬಾಕಿಯಾಗಿದ್ದರೆ ಫ್ಲೆಕ್ಸಿನಲ್ಲಿ ನಿಮ್ಮ ಫೋಟೋ ಇರುತ್ತಿತ್ತೇ, ಸ್ವಾಮಿ?

ಇಷ್ಟೆಲ್ಲ ಮಾಡಿದರೂ ಬಗೆಹರಿಯದೆ ಇರಬಹುದು. ಮೂರು ವಾಕ್ಯ ಓದಿ ಹಿರಿಯರು ‘ನನಗಿದು ಸಾಲದು’ ಎನ್ನಬಹುದು. ಆಗ ಮ್ಯಾನೇಜರ್ ವಾಕ್ಯವನ್ನು ಹಿಗ್ಗಿಸಬಾರದು. ಯಾವ ಆಧಾರದ ಮೇಲೆ ಹೀಗೆ ಬರೆದೆ ಎಂದು ಅರ್ಧ ಪುಟದಲ್ಲಿ ಕಾರಣ ಬರೆದುಕೊಟ್ಟು, ಬೇರೆ ಸಾಕ್ಷ್ಯ ಇದ್ದರೆ ಇಷ್ಟು ದಿನದೊಳಗೆ ತನ್ನಿ ಎನ್ನಬೇಕು. ತಾನೇ ಕಕ್ಷಿದಾರನಾಗಿರುವ ಕಡೆ, ಅಂದರೆ ಟಿಪ್ಪಣಿ ಒಯ್ದ ತಪ್ಪು ತನ್ನದೇ ಆಗಿರುವಲ್ಲಿ, ಆ ಮೇಲ್ಮನವಿಯನ್ನು ತಾನೇ ಕೇಳದೆ ಮಂಡಳಿಯ ಬೇರೊಬ್ಬ ಸದಸ್ಯರಿಗೆ ಒಪ್ಪಿಸಬೇಕು.

ಮುಂದಿನ ಕೆಲಸಕ್ಕೆ ಹೊರಡುವಾಗ ಒಂದು ಹಾಳೆ ಸಾಕು. ಯಾರು ಯಾವ ಭಾಗ ನೋಡುತ್ತಾರೆ, ಮಂಡಳಿಗೆ ಹೋಗುವ ಟಿಪ್ಪಣಿಯಲ್ಲಿ ಯಾರ ಯಾರ ಸಹಿ, ವರದಿಯಲ್ಲಿ ಹೆಸರು ಎಲ್ಲಿ ಬರುತ್ತದೆ ಎಂದು ಅದರಲ್ಲಿ ಮೊದಲೇ ಬರೆದಿಡುವುದು. ನಡುವೆ ಪಾಲು ಬದಲಾಗುತ್ತದೆ, ಆದ್ದರಿಂದ ತಿಂಗಳಿಗೊಮ್ಮೆ ತೆಗೆದು ತಿದ್ದುವುದು. ವಸೂಲಿಯಿಂದ ಬಂದವರು ಬಾಯಲ್ಲಿ ಹೇಳಿದ್ದನ್ನು ಅಂದೇ ಎರಡು ಸಾಲು ಬರೆದು, ಅವರ ಹೆಸರು ದಿನಾಂಕ ಹಾಕಿ ಕಡತಕ್ಕೆ ಸೇರಿಸುವ ಕೆಲಸ ಮ್ಯಾನೇಜರರದ್ದು. ಅವರಿಗೆ ಬಿಡುವಿಲ್ಲದಿದ್ದರೆ ಆ ಯುವತಿಗೆ ಒಪ್ಪಿಸಬಹುದು. ಅವಳ ಕೈಬರಹದಲ್ಲಿ ಹಿರಿಯರ ಮಾತು ದಾಖಲಾಗಲಿ, ಕೆಳಗೆ ಇಬ್ಬರೂ ಸಹಿ ಹಾಕಲಿ.